45,000 ರೂಪಾಯಿಯಲ್ಲಿ ಹೊಸ ಅಡುಗೆಮನೆ: ಯಾವುದು ಮೊದಲು, ಯಾವುದು ಆಮೇಲೆ?

ಪ್ರಶ್ನೆ: "ಕಳೆದ ತಿಂಗಳು ನಮ್ಮ ಮದುವೆಯಾಯಿತು. ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ, ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ ಹೋಗುತ್ತಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಮತ್ತು ರಾತ್ರಿ ಮನೆಯಲ್ಲೇ ಅಡುಗೆ. ಅಡುಗೆಮನೆಗೆಂದು ಕೂಡಿಟ್ಟಿರುವುದು 45,000 ರೂಪಾಯಿ, ಗ್ಯಾಸ್ ಸಂಪರ್ಕವೂ ಇನ್ನೂ ಇಲ್ಲ. ಅಂಗಡಿಯವರು ಡಬಲ್ ಡೋರ್ ಫ್ರಿಜ್, ಓವನ್, ಮಿಕ್ಸಿ, ಇಂಡಕ್ಷನ್ ಒಲೆ ಎಲ್ಲವನ್ನೂ ಬಡ್ಡಿಯಿಲ್ಲದ ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತಾರೆ. ಅತ್ತೆಯವರು ಮೊದಲು ಗ್ರೈಂಡರ್ ತೆಗೆದುಕೊಳ್ಳಿ ಎನ್ನುತ್ತಾರೆ. ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು?"

ಉತ್ತರ: ಅಂಗಡಿಗೆ ಹೋಗುವುದಕ್ಕೆ ಮುಂಚೆ ಹೊಸ ಮನೆಯ ಅಡುಗೆಮನೆಯಲ್ಲಿ ಐದು ನಿಮಿಷ ನಿಂತು ಗೋಡೆಯ ಪ್ಲಗ್ ಪಾಯಿಂಟುಗಳನ್ನು ಎಣಿಸಿ. ಬೆಂಗಳೂರಿನ ಹಳೆಯ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಯಂತ್ರಗಳ ದುರಸ್ತಿಗೆಂದು ವರ್ಷಗಟ್ಟಲೆ ಓಡಾಡಿದವನಾಗಿ ಹೇಳುವುದಾದರೆ, ಯಾವುದನ್ನು ಮೊದಲು ಕೊಳ್ಳಬೇಕೆಂಬುದನ್ನು ಅರ್ಧದಷ್ಟು ನಿರ್ಧರಿಸುವುದು ನಿಮ್ಮ ಹಣವಾದರೆ, ಉಳಿದರ್ಧವನ್ನು ನಿರ್ಧರಿಸುವುದು ಆ ಗೋಡೆ. ಸಾಮಾನ್ಯವಾಗಿ ಇಂಥ ಮನೆಗಳ ಅಡುಗೆಕಟ್ಟೆಯ ಮೇಲೆ 6 ಆಂಪಿಯರಿನ ಒಂದೋ ಎರಡೋ ಸಣ್ಣ ಪಾಯಿಂಟುಗಳು, ಅದೃಷ್ಟವಿದ್ದರೆ 16 ಆಂಪಿಯರಿನ ಒಂದು ದೊಡ್ಡ ಪಾಯಿಂಟು ಇರುತ್ತವೆ. ಮಿಕ್ಸಿ, ಫ್ರಿಜ್, ಗ್ರೈಂಡರ್ ಇವು ಸಣ್ಣ ಪಾಯಿಂಟಿನಲ್ಲಿ ನಿರಾತಂಕವಾಗಿ ನಡೆಯುತ್ತವೆ. ಆದರೆ 2,000 ವ್ಯಾಟಿನ ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಕನ್ವೆಕ್ಷನ್ ಇರುವ ಓವನ್ನಿಗೂ ದೊಡ್ಡ ಪಾಯಿಂಟೇ ಬೇಕು. ಹಾಗಾಗಿ ಅಂಗಡಿಯವರು ಹೇಳುವ ಆ ನಾಲ್ಕು ಯಂತ್ರಗಳ ಪೈಕಿ ಎರಡಕ್ಕೆ ನಿಮ್ಮ ಮನೆಯಲ್ಲಿ ಜಾಗವಿದೆಯೇ ಎಂಬುದೇ ಇನ್ನೂ ಗೊತ್ತಿಲ್ಲ.

ಸಣ್ಣ ಪಾಯಿಂಟಿಗೆ ಅಡಾಪ್ಟರ್ ಸಿಕ್ಕಿಸಿ ದೊಡ್ಡ ಪ್ಲಗ್ ಹಾಕುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಮೊದಲ ದಿನ ಏನೂ ಆಗುವುದಿಲ್ಲ, ಆದ್ದರಿಂದಲೇ ಜನ ಅದನ್ನು ನಂಬುತ್ತಾರೆ. ಕೆಲವು ವಾರಗಳ ನಂತರ ಪ್ಲಗ್ ಮುಟ್ಟಿದರೆ ಬಿಸಿಯಾಗಿರುತ್ತದೆ, ಸಾಕೆಟಿನ ತೂತುಗಳ ಸುತ್ತ ಕಂದು ಬಣ್ಣ ಬರುತ್ತದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತದೆ. ಈ ಮೂರರಲ್ಲಿ ಯಾವುದೊಂದು ಕಂಡರೂ ಆ ಪಾಯಿಂಟನ್ನು ಬಳಸುವುದನ್ನು ನಿಲ್ಲಿಸಬೇಕು. ಮುಂಗಡ ಹಣ ಕೊಡುವ ಹೊತ್ತಿಗೇ, ಅಡುಗೆಕಟ್ಟೆಗೆ ತಕ್ಕ ದಪ್ಪದ ತಂತಿ ಮತ್ತು ಅರ್ಥಿಂಗ್ ಇರುವ ಒಂದು 16 ಆಂಪಿಯರ್ ಪಾಯಿಂಟು ಹಾಕಿಸಿಕೊಡುವಂತೆ ಮನೆ ಮಾಲೀಕರನ್ನು ಕೇಳಿ. ಮನೆಗೆ ಸೇರಿದ ಮೇಲೆ ಕೇಳುವುದಕ್ಕಿಂತ ಆಗ ಕೇಳುವುದು ಸುಲಭ. ಬೆಸ್ಕಾಂ ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನು ಗ್ಯಾಸ್. ಯಾವ ಯಂತ್ರಕ್ಕಿಂತಲೂ ಮೊದಲು ಹಣ ಹೋಗಬೇಕಾದದ್ದು ಇಲ್ಲಿಗೇ. 14.2 ಕೆ.ಜಿ. ಸಿಲಿಂಡರಿನ ಭದ್ರತಾ ಠೇವಣಿ 2022ರ ಜೂನ್‌ನಲ್ಲಿ 2,200 ರೂಪಾಯಿಗೆ ಏರಿತು, ರೆಗ್ಯುಲೇಟರಿನದು 250 ಆಯಿತು. ರಬ್ಬರ್ ಪೈಪು, ಪುಸ್ತಕ, ಜೋಡಣೆ ಮತ್ತು ಮೊದಲ ಸಿಲಿಂಡರಿನ ಗ್ಯಾಸಿನ ಬೆಲೆ ಸೇರಿದರೆ ಸುಮಾರು 4,000 ರೂಪಾಯಿ ಇಟ್ಟುಕೊಳ್ಳಬೇಕಾಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ಹೊಸ ಸಂಪರ್ಕ ಬೇಕಾದರೆ ಏಜೆನ್ಸಿಯವರ ಬಳಿಯೇ ಒಲೆಯನ್ನೂ ಕೊಳ್ಳಬೇಕು ಎಂಬುದು. ಹಾಗೆ ಯಾವ ನಿಯಮವೂ ಇಲ್ಲ. ಐಎಸ್‌ಐ ಗುರುತಿರುವ ಒಲೆಯನ್ನು ನೀವು ಎಲ್ಲಿ ಬೇಕಾದರೂ ಕೊಳ್ಳಬಹುದು. ಏಜೆನ್ಸಿಯವರು ಬಂದು ಅದನ್ನು ಪರೀಕ್ಷಿಸಲು ಶುಲ್ಕ ತೆಗೆದುಕೊಳ್ಳಬಹುದು, ಅಷ್ಟೇ. ಎರಡು ಬರ್ನರಿನ ಸ್ಟೀಲ್ ಒಲೆ 2,500 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಗಾಜಿನ ಮೇಲ್ಮೈಯ ಮೂರು ಬರ್ನರಿನ ಒಲೆ ನೋಡಲು ಚೆಂದ, ಆದರೆ ಬಾಡಿಗೆ ಮನೆಯ ಕಿರಿದಾದ ಕಟ್ಟೆಯ ಮೇಲೆ ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಲು ಆಗುವುದೇ ಇಲ್ಲ. ಮುದ್ದೆ ತೊಳಸುವ ಅಭ್ಯಾಸವಿರುವ ಮನೆಯಲ್ಲಂತೂ ಗಾಜಿನ ಒಲೆಗಿಂತ ಅಗಲವಾದ ಗಟ್ಟಿ ಕಾಲುಗಳ ಸ್ಟೀಲ್ ಒಲೆಯೇ ವಾಸಿ.

ಇಬ್ಬರಲ್ಲಿ ಒಬ್ಬರ ಹೆಸರಿನಲ್ಲಿ ಊರಿನಲ್ಲಿ ಈಗಾಗಲೇ ಸಂಪರ್ಕವಿದ್ದರೆ ಅದನ್ನು ಮುಚ್ಚಿಡಬೇಡಿ. ಅಲ್ಲಿನ ಏಜೆನ್ಸಿಗೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ವೋಚರ್ ಪಡೆದರೆ ಹಳೆಯ ಠೇವಣಿ ವಾಪಸು ಬರುತ್ತದೆ. ಇಲ್ಲಿ ಮತ್ತೆ ಠೇವಣಿ ಕಟ್ಟಬೇಕು.

ಒಂದೇ ಸಿಲಿಂಡರ್ ಇರುವ ಮನೆಯಲ್ಲಿ ಗ್ಯಾಸ್ ಮುಗಿಯುವುದು ಸಾಮಾನ್ಯವಾಗಿ ಅಡುಗೆಯ ನಡುವೆಯೇ. ಆ ಆಪತ್ತಿಗೆ ಎರಡು ಪರಿಹಾರಗಳಿವೆ: ಇನ್ನೊಂದು 2,200 ಠೇವಣಿ ಮತ್ತು ಇನ್ನೊಂದು ತುಂಬಿದ ಸಿಲಿಂಡರಿನ ಬೆಲೆ ಕೊಟ್ಟು ಎರಡನೆಯದನ್ನು ಪಡೆಯುವುದು, ಇಲ್ಲವೇ 2,000 ರೂಪಾಯಿಯ ಸುಮಾರಿನಲ್ಲಿ ಸಿಗುವ ಒಂದು ಇಂಡಕ್ಷನ್ ಒಲೆ ಇಟ್ಟುಕೊಳ್ಳುವುದು. 16 ಆಂಪಿಯರ್ ಪಾಯಿಂಟು ಸಿಕ್ಕರೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಬೆಳಗಿನ ಧಾವಂತದಲ್ಲಿ ಅದು ಮೂರನೆಯ ಬರ್ನರ್ ಆಗಿಯೂ ಒದಗುತ್ತದೆ. ಪಾಯಿಂಟು ಸಿಗದಿದ್ದರೆ ಸಿಲಿಂಡರೇ ಸರಿ. ಇಂಡಕ್ಷನ್ ಒಲೆಯನ್ನೇ ಮುಖ್ಯ ಒಲೆ ಮಾಡಿಕೊಂಡರೆ ಗ್ಯಾಸಿನ ಖರ್ಚು ತಪ್ಪುತ್ತದೆ ಎಂಬ ಲೆಕ್ಕಾಚಾರ ಮಾತ್ರ ಎಚ್ಚರಿಕೆಯಿಂದ ಮಾಡಬೇಕು. ದಿನಕ್ಕೆ ಒಂದು ಗಂಟೆ 1,500 ವ್ಯಾಟಿನಲ್ಲಿ ನಡೆಸಿದರೂ ತಿಂಗಳಿಗೆ 45 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಅದರೊಳಗಿದ್ದರೂ ನಿಮ್ಮ ಮನೆಗೆ ನಿಗದಿಯಾದ ಅರ್ಹ ಯೂನಿಟ್ಟುಗಳನ್ನು ಮೀರಿದ ಭಾಗಕ್ಕೆ ಹಣ ಕೊಡಬೇಕು. ಮೊದಲಿದ್ದ ಬಾಡಿಗೆದಾರರ ಆಧಾರ್ ಜೋಡಣೆಯನ್ನು ತೆಗೆಸಿ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿ, ನಿಮಗೆ ಎಷ್ಟು ಯೂನಿಟ್ ನಿಗದಿಯಾಗುತ್ತದೆ ಎಂದು ತಿಳಿದ ಮೇಲೆ ಈ ಲೆಕ್ಕ ಮಾಡಿ.

ಕುಕ್ಕರ್ ವಿಷಯ ಚಿಕ್ಕದು. ಇಬ್ಬರ ಅನ್ನ, ಬೇಳೆಗೆ 3 ಲೀಟರಿನದು ಸಾಕು, ನೆಂಟರು ಬಂದಾಗ 5 ಲೀಟರಿನದು ಬೇಕಾಗುತ್ತದೆ. ಎರಡಕ್ಕೂ ಸೇರಿ 3,500 ರೂಪಾಯಿ ಎಂದು ಇಟ್ಟುಕೊಳ್ಳಿ. ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತು 2021ರ ಫೆಬ್ರುವರಿಯಿಂದ ಕಡ್ಡಾಯವಾಗಿದೆ, ಆ ಗುರುತಿಲ್ಲದ್ದನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಕೊಳ್ಳುವಾಗ ಒಂದು ಸಣ್ಣ ಆಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತಳಕ್ಕೆ ತಾಗಿಸಿ ನೋಡಿ. ಅಂಟಿಕೊಂಡರೆ ಮಾತ್ರ ಅದು ಇಂಡಕ್ಷನ್ ಒಲೆಯ ಮೇಲೆ ನಡೆಯುತ್ತದೆ.

ಈಗ ಮಿಕ್ಸಿ ಮತ್ತು ಗ್ರೈಂಡರಿನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅತ್ತೆಯವರ ಮಾತು ತಪ್ಪಲ್ಲ. ರುಬ್ಬುವ ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ ಮತ್ತು ಉದ್ದಿನೊಳಗೆ ಗಾಳಿ ಚೆನ್ನಾಗಿ ಸೇರಿ ಹಿಟ್ಟು ಹೆಚ್ಚು ಉಬ್ಬುತ್ತದೆ. ಮಿಕ್ಸಿಯ ಬ್ಲೇಡ್ ವೇಗವಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ. ಆದರೆ ಅವರ ಅನುಭವ ನಾಲ್ಕೈದು ಜನರ ಮನೆಯದು. ಮೇಜಿನ ಮೇಲಿಡುವ 2 ಲೀಟರಿನ ಗ್ರೈಂಡರಿಗೆ ಒಂದು ಪುಟ್ಟ ಲೋಟದಷ್ಟು ಉದ್ದು ಹಾಕಿದರೆ ಅದು ಕಲ್ಲಿಗೆ ಸಿಗದೆ ಪಾತ್ರೆಯ ಅಂಚಿಗೇ ಅಂಟಿಕೊಂಡು ಸುತ್ತುತ್ತಿರುತ್ತದೆ, ಮತ್ತೆ ಮತ್ತೆ ಸೌಟಿನಿಂದ ಕೆಳಗೆ ತಳ್ಳುತ್ತ ನಿಲ್ಲಬೇಕಾಗುತ್ತದೆ. ಇಬ್ಬರಿಗಾಗಿ ಅದನ್ನು ತೊಳೆದಿಡುವ ಶ್ರಮವೇ ರುಬ್ಬುವ ಶ್ರಮಕ್ಕಿಂತ ಹೆಚ್ಚು.

ಅದಕ್ಕೆ ಬದಲಾಗಿ ನಮ್ಮಲ್ಲಿ ಇಡ್ಲಿ ರವೆಯ ದಾರಿ ಇದ್ದೇ ಇದೆ. ಒಂದು ಲೋಟ ಉದ್ದನ್ನು ನಾಲ್ಕು ಗಂಟೆ ನೆನೆಸಿ, ಫ್ರಿಜ್ಜಿನ ತಣ್ಣೀರು ಹಾಕಿ ಮಿಕ್ಸಿಯಲ್ಲಿ ಎರಡು ಸಲವಾಗಿ ರುಬ್ಬಿ, ತೊಳೆದು ಹಿಂಡಿದ ಎರಡು ಲೋಟ ಇಡ್ಲಿ ರವೆಯನ್ನು ಬೆರೆಸಿದರೆ ಇಬ್ಬರಿಗೆ ಎರಡು ಮೂರು ಬೆಳಗಿನ ಇಡ್ಲಿಯಾಗುತ್ತದೆ. ಅಕ್ಕಿ ರುಬ್ಬುವ ಕೆಲಸವೇ ಇಲ್ಲದ್ದರಿಂದ ಮೋಟರಿನ ಮೇಲಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸುಮಾರು ಎರಡು ನಿಮಿಷ ಓಡಿಸಿ ಒಂದು ನಿಮಿಷ ನಿಲ್ಲಿಸುವ ಕ್ರಮ ಇಟ್ಟುಕೊಳ್ಳಿ. ವಾರಕ್ಕೆ ಮೂರು ನಾಲ್ಕು ದಿನ ದೋಸೆ ಇಡ್ಲಿಯೇ ಬೇಕು ಎನ್ನಿಸಿದಾಗ, ಅಥವಾ ಮನೆಯಲ್ಲಿ ಇನ್ನಿಬ್ಬರು ಸೇರಿದಾಗ ಗ್ರೈಂಡರ್ ಕೊಳ್ಳಿ. ಅತ್ತೆಯವರೇ ಉಡುಗೊರೆಯಾಗಿ ಕೊಡುವುದಾದರೆ ಬೇಡವೆನ್ನಬೇಕಿಲ್ಲ, ಆರು ತಿಂಗಳ ನಂತರ ಕೊಡಿ ಎಂದು ಕೇಳಿಕೊಂಡರೆ ಸಾಕು.

ಮಿಕ್ಸಿಯ ವಿಷಯದಲ್ಲಿ ವ್ಯಾಟ್ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಮಾರಾಟದ ಮಾತು. ಇಬ್ಬರ ಮನೆಗೆ 750 ವ್ಯಾಟಿನದು ಬೇಕಾದಷ್ಟಾಯಿತು. ನೀವು ನೋಡಬೇಕಾದದ್ದು ಚಿಕ್ಕ ಚಟ್ನಿ ಜಾರನ್ನು, ಏಕೆಂದರೆ ದಿನವೂ ಬಳಕೆಯಾಗುವುದು ಅದೇ. ಅರ್ಧ ಹೋಳು ಕಾಯಿ ಹಾಕಿದಾಗ ಬ್ಲೇಡ್ ಮುಳುಗುವಂತಿರಬೇಕು; ತಳ ಅಗಲವಾಗಿದ್ದರೆ ಸ್ವಲ್ಪ ಪದಾರ್ಥ ಗೋಡೆಗೆ ಎರಚಿಕೊಂಡು ಬ್ಲೇಡ್ ಬರಿದೇ ತಿರುಗುತ್ತದೆ. ಜಾರನ್ನು ಕೂರಿಸಿ ಕೈಯಿಂದ ಅಲುಗಾಡಿಸಿ ನೋಡಿ, ಸಡಿಲವಾಗಿ ಕುಣಿಯುವುದನ್ನು ಬಿಡಿ. ಮುಂದೆ ಎಂದಾದರೂ ಗಟ್ಟಿ ಪದಾರ್ಥ ಹಾಕಿ ಮಿಕ್ಸಿ ದಿಢೀರನೆ ನಿಂತರೆ ಸುಟ್ಟುಹೋಯಿತೆಂದು ಗಾಬರಿಯಾಗಬೇಡಿ. ಬಹುತೇಕ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಹೊರೆ ಹೆಚ್ಚಾದಾಗ ಮೋಟರನ್ನು ಉಳಿಸಲು ಅದು ಸಂಪರ್ಕ ಕಡಿಯುತ್ತದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಆರಲು ಬಿಟ್ಟು ಅದನ್ನು ಒತ್ತಿದರೆ ಸಾಕು. ಇದಕ್ಕಾಗಿಯೇ ಮೆಕ್ಯಾನಿಕ್ಕನ್ನು ಕರೆಸಿ ದುಡ್ಡು ಕೊಡುವವರು ಇಂದಿಗೂ ಇದ್ದಾರೆ. ಆದರೆ ಜಾರಿನ ತಳದಿಂದ ಕಪ್ಪು ನೀರು ಜಿನುಗಿದರೆ ಬುಷ್ ಸವೆದಿದೆ ಎಂದರ್ಥ, ಅದನ್ನು ತಡ ಮಾಡದೆ ಬದಲಿಸಬೇಕು, ಇಲ್ಲವಾದರೆ ಆ ನೀರು ಮೋಟರಿಗೇ ಇಳಿಯುತ್ತದೆ. ಹತ್ತಿರದಲ್ಲಿ ಬಿಡಿಭಾಗ ಸಿಗುವ ಕಂಪನಿಯ ಮಿಕ್ಸಿಯನ್ನೇ ಕೊಳ್ಳಬೇಕು ಎನ್ನುವುದು ಈ ಕಾರಣಕ್ಕೆ. 4,000 ರೂಪಾಯಿಯೊಳಗೆ ಇದು ಮುಗಿಯುತ್ತದೆ.

ನಿಮ್ಮ ಹಣದ ಅತಿ ದೊಡ್ಡ ಪಾಲು ಫ್ರಿಜ್ಜಿಗೆ ಹೋಗುತ್ತದೆ, ಹೋಗಬೇಕಾದದ್ದೂ ಹೌದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಾಲು, ಹಿಟ್ಟು, ವಾರಕ್ಕೆ ಎರಡು ಸಲ ತರುವ ತರಕಾರಿ ಸೊಪ್ಪು, ರಾತ್ರಿ ಉಳಿದ ಸಾರು ಇವೆಲ್ಲ ಫ್ರಿಜ್ ಇಲ್ಲದೆ ಹಾಳಾಗುತ್ತವೆ. ಆದರೆ ಇಷ್ಟಕ್ಕೆ 180ರಿಂದ 200 ಲೀಟರಿನ, ಒಂದೇ ಬಾಗಿಲಿನ ಫ್ರಿಜ್ ಸಾಕು. ಅದು 15,000ದಿಂದ 17,000 ರೂಪಾಯಿಗೆ ಸಿಗುತ್ತದೆ; ಡಬಲ್ ಡೋರ್ ಎಂದರೆ ಸುಮಾರಾಗಿ ಇನ್ನೂ 8,000 ರೂಪಾಯಿಯಾದರೂ ಹೆಚ್ಚು. ಆ ಹೆಚ್ಚಿನ ಹಣಕ್ಕೆ ಸಿಗುವುದು ದೊಡ್ಡ ಫ್ರೀಜರ್ ಮತ್ತು ಮಂಜು ಕಟ್ಟದಿರುವ ಅನುಕೂಲ. ಅದನ್ನು ಸಾಧಿಸಲು ಒಳಗೆ ಫ್ಯಾನು, ಹೀಟರು, ಸೆನ್ಸರು ಎಂದು ಹೆಚ್ಚು ಭಾಗಗಳಿರುತ್ತವೆ, ಅಂದರೆ ಮುಂದೆ ಕೆಡಬಹುದಾದವೂ ಹೆಚ್ಚು. ಎರಡನೇ ಮಹಡಿ ಎಂದಿದ್ದೀರಿ. ನಮ್ಮ ಹಳೆಯ ಕಟ್ಟಡಗಳ ಮೆಟ್ಟಿಲ ತಿರುವಿನಲ್ಲಿ ದೊಡ್ಡ ಫ್ರಿಜ್ ಸಿಕ್ಕಿಕೊಂಡು ಬಾಗಿಲು ನಗ್ಗಿದ್ದನ್ನು ನಾನು ಕಂಡಿದ್ದೇನೆ. ಮೆಟ್ಟಿಲಿನ ಅಗಲ, ಅಡುಗೆಮನೆಯ ಬಾಗಿಲಿನ ಅಗಲ ಎರಡನ್ನೂ ಟೇಪಿನಿಂದ ಅಳೆದುಕೊಂಡೇ ಅಂಗಡಿಗೆ ಹೋಗಿ.

ಒಂದೇ ಬಾಗಿಲಿನ ಫ್ರಿಜ್ಜಿನ ದೌರ್ಬಲ್ಯವೆಂದರೆ ಫ್ರೀಜರಿನಲ್ಲಿ ಮಂಜುಗಡ್ಡೆ ಕಟ್ಟುವುದು. ಅರ್ಧ ಬೆರಳು ದಪ್ಪ ಕಟ್ಟಿದಾಗ ಡಿಫ್ರಾಸ್ಟ್ ಗುಂಡಿ ಒತ್ತಿ ಬಿಟ್ಟರೆ ತಾನೇ ಕರಗುತ್ತದೆ. ಅವಸರಕ್ಕೆ ಬಿದ್ದು ಚಾಕುವಿನಿಂದ ಕೆತ್ತಿದರೆ ಫ್ರೀಜರಿನ ತೆಳುವಾದ ಅಲ್ಯೂಮಿನಿಯಂ ಗೋಡೆ ತೂತಾಗಿ ಗ್ಯಾಸ್ ಹೊರಟುಹೋಗುತ್ತದೆ. ಆಮೇಲೆ ಫ್ರಿಜ್ ಓಡುತ್ತಲೇ ಇರುತ್ತದೆ, ತಂಪು ಮಾತ್ರ ಇರುವುದಿಲ್ಲ. ಈ ಹಾನಿಗೆ ವಾರಂಟಿಯೂ ಒದಗುವುದಿಲ್ಲ. ಒಳ್ಳೆಯ ಫ್ರಿಜ್ಜುಗಳನ್ನು ಅಕಾಲದಲ್ಲಿ ಕೊಲ್ಲುವುದರಲ್ಲಿ ಈ ಚಾಕುವಿನದೇ ಮೇಲುಗೈ ಎಂಬುದು ನನ್ನ ಅನುಭವ.

ನಕ್ಷತ್ರಗಳ ಬಗ್ಗೆಯೂ ಒಂದು ಲೆಕ್ಕ ಹೇಳಬೇಕು. ಐದು ನಕ್ಷತ್ರದ್ದನ್ನೇ ಕೊಳ್ಳಿ, ಬಿಲ್ಲಿನಲ್ಲಿ ಉಳಿತಾಯ ಎನ್ನುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಚೀಟಿಯ ಮೇಲೆ ನಕ್ಷತ್ರಗಳ ಜೊತೆಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯೂ ಇರುತ್ತದೆ, ನೀವು ಹೋಲಿಸಬೇಕಾದದ್ದು ಅದನ್ನು. ಒಂದರ ಮೇಲೆ 180, ಇನ್ನೊಂದರ ಮೇಲೆ 130 ಎಂದಿದೆ ಎಂದುಕೊಳ್ಳಿ. ವ್ಯತ್ಯಾಸ ವರ್ಷಕ್ಕೆ 50 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 300 ರೂಪಾಯಿ. ಎರಡರ ಬೆಲೆಯ ಅಂತರ 3,000 ಇದ್ದರೆ ಆ ಹಣ ಹಿಂದಿರುಗಲು ಹತ್ತು ವರ್ಷ ಬೇಕು, ಗೃಹಜ್ಯೋತಿಯ ಮಿತಿಯೊಳಗೇ ಇರುವ ಮನೆಗೆ ಅದೂ ಇಲ್ಲ. ಅಂತರ 1,000 ಮಾತ್ರವಾದರೆ ಹೆಚ್ಚಿನ ನಕ್ಷತ್ರದ್ದನ್ನು ಕೊಳ್ಳುವುದು ಜಾಣತನ. ಚೀಟಿಯ ಮೇಲಿನ ವರ್ಷವನ್ನೂ ನೋಡಿ, ಏಕೆಂದರೆ ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾರೆ; ಹಳೆಯ ವರ್ಷದ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮವಲ್ಲ.

ಫ್ರಿಜ್ ಮನೆಗೆ ಬಂದ ಮೇಲೆ ಒಲೆಯ ಪಕ್ಕದಲ್ಲಿ ಇಡಬೇಡಿ, ಗೋಡೆಯಿಂದ ಒಂದು ಗೇಣು ಬಿಡಿ, ನಿಲ್ಲಿಸಿದ ಎರಡು ಮೂರು ಗಂಟೆಯ ನಂತರ ಚಾಲೂ ಮಾಡಿ. ಸ್ಟೆಬಿಲೈಸರ್ ಬೇಕೇ ಎಂಬುದಕ್ಕೆ ಉತ್ತರ ಫ್ರಿಜ್ಜಿನ ಕೈಪಿಡಿಯಲ್ಲಿಯೇ ಇರುತ್ತದೆ: ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ತಡೆದುಕೊಳ್ಳುತ್ತದೆ ಎಂದು ಅಲ್ಲಿ ಬರೆದಿದ್ದರೆ, ಅಂಗಡಿಯವರು ಒತ್ತಾಯಿಸಿದ ಮಾತ್ರಕ್ಕೆ ಸ್ಟೆಬಿಲೈಸರಿಗೆ ಹಣ ಹಾಕಬೇಕಿಲ್ಲ.

ಒಂದು ವರ್ಷದೊಳಗೆ ಊರು ಬದಲಾಗುವ ಸಂಭವವಿದ್ದರೆ ಫ್ರಿಜ್ಜನ್ನು ಬಾಡಿಗೆಗೆ ತೆಗೆದುಕೊಳ್ಳುವುದನ್ನೂ ಯೋಚಿಸಬಹುದು, ಬೆಂಗಳೂರಿನಲ್ಲಿ ಅದು ಸುಲಭ. ತಿಂಗಳಿಗೆ 600 ಎಂದರೆ ಎರಡು ವರ್ಷಕ್ಕೆ 14,400, ಹೆಚ್ಚುಕಡಿಮೆ ಹೊಸದರ ಬೆಲೆಯೇ ಆಯಿತು; ಆದ್ದರಿಂದ ಒಂದು ವರ್ಷ ಮೀರಿ ಇರುವವರಿಗೆ ಅದು ಲಾಭವಲ್ಲ. ಹಳೆಯ ಫ್ರಿಜ್ ಕೊಳ್ಳುವುದಾದರೆ ಬಾಗಿಲಿನ ರಬ್ಬರಿನ ನಡುವೆ ಒಂದು ನೋಟಿನಷ್ಟು ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ.

ಇಲ್ಲಿಯವರೆಗಿನ ಲೆಕ್ಕ: ಗ್ಯಾಸ್ ಸಂಪರ್ಕ 4,000, ಒಲೆ 2,500, ಕುಕ್ಕರುಗಳು 3,500, ಮಿಕ್ಸಿ 4,000, ಫ್ರಿಜ್ 16,000. ಒಟ್ಟು 30,000. ಇಂಡಕ್ಷನ್ ಒಲೆ ಸೇರಿದರೆ 32,000. ಉಳಿದ 13,000ದಲ್ಲಿ ಐದು ಸಾವಿರವನ್ನು ಪಾತ್ರೆ, ಡಬ್ಬಿ, ಎಲೆಕ್ಟ್ರಿಷಿಯನ್ ಕೂಲಿ ಇಂಥವುಗಳಿಗೆ ಬಿಟ್ಟು ಎಂಟು ಸಾವಿರವನ್ನು ಮೂರು ತಿಂಗಳು ಮುಟ್ಟದೆ ಇಡಿ. ಹೀಗಿರುವಾಗ ಕಂತಿನ ಅಗತ್ಯವೇ ನಿಮಗಿಲ್ಲ. ಬಡ್ಡಿಯಿಲ್ಲದ ಕಂತು ಎನ್ನುವುದರಲ್ಲಿ ಬಡ್ಡಿ ಸಂಸ್ಕರಣಾ ಶುಲ್ಕವಾಗಿಯೋ ಕೈಬಿಟ್ಟ ರಿಯಾಯಿತಿಯಾಗಿಯೋ ಅಡಗಿರುತ್ತದೆ. ಕ್ರೆಡಿಟ್ ಕಾರ್ಡುಗಳ ಇಂಥ ಶೂನ್ಯ ಬಡ್ಡಿ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಆಕ್ಷೇಪ ಎತ್ತಿತ್ತು. ಅದೇ ಮಾದರಿಗೆ ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು ಎಂದು ಕೇಳಿ ನೋಡಿ, ಅಂತರ ತಾನಾಗಿ ಹೊರಬೀಳುತ್ತದೆ. ಓವನ್ನನ್ನು ನಾನು ಪಟ್ಟಿಗೇ ಸೇರಿಸಿಲ್ಲ. ಕೇಕು, ಬ್ರೆಡ್ಡು ಮಾಡುವ ಆಸಕ್ತಿ ನಿಜವಾಗಿ ಇದ್ದರೆ ಮುಂದಿನ ವರ್ಷ ಕೊಳ್ಳಿ. ಅನ್ನ ಸಾರು ಬಿಸಿ ಮಾಡಲು ಮಾತ್ರವಾದರೆ ಅದು ರಸ್ಕ್ ಪೊಟ್ಟಣ ಇಡುವ ಕಪಾಟಾಗಿ ಉಳಿಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಉಡುಗೊರೆ ಕೊಡುವವರು ಏನು ಬೇಕೆಂದು ಕೇಳಿದರೆ ಸಂಕೋಚಪಡದೆ ಹೇಳಿ, ಬಿಲ್ಲನ್ನೂ ಕೇಳಿ ಇಟ್ಟುಕೊಳ್ಳಿ. ವಾರಂಟಿ ಶುರುವಾಗುವುದು ಬಿಲ್ಲಿನ ತಾರೀಖಿನಿಂದಲೇ ಹೊರತು ನೀವು ಡಬ್ಬಿ ಬಿಚ್ಚಿದ ದಿನದಿಂದಲ್ಲ. ಎರಡು ಮಿಕ್ಸಿ ಬಂದರೆ ಒಂದನ್ನು ಬಿಚ್ಚದೆ ಕೂಡಲೇ ಬದಲಾಯಿಸಿಕೊಳ್ಳಿ.

ಕಾದಿಟ್ಟ ಎಂಟು ಸಾವಿರಕ್ಕೆ ಮೊದಲ ಹಕ್ಕುದಾರ ನೀರಿನ ಶುದ್ಧೀಕರಣ ಯಂತ್ರವಾಗಬಹುದು, ಆದರೆ ಯಾವುದು ಎಂಬುದು ನಿಮ್ಮ ನಲ್ಲಿಯಲ್ಲಿ ಬರುವ ನೀರಿನ ಮೇಲೆ ನಿಂತಿದೆ. ಎಲ್ಲರಿಗೂ ಆರ್‌ಒ ಬೇಕೆನ್ನುವುದು ಸರಿಯಲ್ಲ. ಕಾವೇರಿ ನೀರು ಮಾತ್ರ ಬರುವ ಮನೆಗೆ ಯುವಿ ಯಂತ್ರ ಸಾಕು. ಅದು ನೀರನ್ನು ಪೋಲು ಮಾಡುವುದಿಲ್ಲ, ನಿರ್ವಹಣೆಯೂ ಅಗ್ಗ. ಬೋರ್‌ವೆಲ್ ನೀರು ಬೆರೆತು ಬರುವುದಾದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ, ಅಳೆಯಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಒಪ್ಪತಕ್ಕದ್ದು. ಅದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಮಾತ್ರ ಆರ್‌ಒ ಯೋಚಿಸಿ, ಪ್ರತಿ ವರ್ಷ ಫಿಲ್ಟರ್ ಮತ್ತು ಮೆಂಬ್ರೇನಿಗೆ ಆಗುವ ಖರ್ಚನ್ನು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಕಾವೇರಿ ಕಡಿಮೆಯಾಗಿ ಟ್ಯಾಂಕರ್ ಬರುವ ಕಟ್ಟಡವಾದರೆ ಒಂದು ಸಲ ಅಳೆದರೆ ಸಾಲದು; ಏಪ್ರಿಲ್‌ನಲ್ಲೊಮ್ಮೆ, ಮಳೆ ಶುರುವಾದ ಮೇಲೊಮ್ಮೆ ಅಳೆಯಿಸಿ, ಅಲ್ಲಿಯವರೆಗೆ ಕಾವೇರಿ ನೀರನ್ನು ಕುದಿಸಿ ಆರಿಸಿ ಕುಡಿಯಿರಿ ಅಥವಾ 20 ಲೀಟರಿನ ಕ್ಯಾನ್ ತರಿಸಿಕೊಳ್ಳಿ.